ಬರೀ ಪುಟ್ ಮಾರಿದರೆ ಮಾರ್ಜಿನ್ ಯಾಕೆ ಹೆಚ್ಚು?

ಸೈದಾಪುರದಿಂದ ಬರೆದವರೆ, ಹತ್ತಿ ಮಾರಿದ ದುಡ್ಡನ್ನು ಮಾರ್ಜಿನ್‌ಗೆ ಇಟ್ಟು ನಿಫ್ಟಿ ಪುಟ್ ಮಾರುತ್ತಿದ್ದೀರಿ. ಸ್ಪ್ರೆಡ್‌ಗೆ ಮಾರ್ಜಿನ್ ಕಡಿಮೆ ಯಾಕೆ ಎಂದು ಕೇಳಿದ್ದೀರಿ.

2024ರ ಜೂನ್ 4, ಲೋಕಸಭೆ ಫಲಿತಾಂಶದ ದಿನ ನೋಡಿ. ಹಿಂದಿನ ದಿನ 23,263ರಲ್ಲಿ ನಿಂತಿದ್ದ ನಿಫ್ಟಿ 21,281ರವರೆಗೆ ಕುಸಿಯಿತು. ಆಗ ಲಾಟ್ 25. ಬರೀ 22,500ರ ಪುಟ್ ಮಾರಿದವರು ಆ ತಳದಲ್ಲಿ ಲಾಟ್‌ಗೆ 30,000 ರೂಪಾಯಿಗೂ ಹೆಚ್ಚು ಕೊಡಬೇಕಿತ್ತು. ಜೊತೆಗೆ 22,000ದ ಪುಟ್ ಕೊಂಡಿದ್ದವರ ನಷ್ಟ 12,500 ದಾಟುತ್ತಿರಲಿಲ್ಲ. ಪಡೆದ ಪ್ರೀಮಿಯಂ ಅದರಲ್ಲೂ ಕಳೆಯುತ್ತದೆ. ಮಾರ್ಜಿನ್ ಈ ಸಂಭವನೀಯ ನಷ್ಟವನ್ನೇ ಅಳೆಯುತ್ತದೆ.

ಇಂಥ ದಿನ ಪೆಟ್ಟು ಎರಡು ಕಡೆಯಿಂದ. ನಷ್ಟ ಖಾತೆಯ ಹಣ ತಿನ್ನುತ್ತದೆ. ಏರಿಳಿತ ಹೆಚ್ಚಿದಂತೆ ಎಕ್ಸ್‌ಚೇಂಜ್ ದಿನದ ನಡುವೆಯೇ ಸ್ಪ್ಯಾನ್ ಲೆಕ್ಕ ಪರಿಷ್ಕರಿಸಿ ಬೇಕಾದ ಮಾರ್ಜಿನ್ ಏರಿಸುತ್ತದೆ. ಬ್ರೋಕರ್‌ನ ಎಸ್ಸೆಮ್ಮೆಸ್ ನೋಡಿ ನೀವು ಹಣ ಹಾಕುವಷ್ಟರಲ್ಲಿ ಅವರೇ ಪೊಸಿಷನ್ ಮುಚ್ಚಿರಬಹುದು, ಅದೂ ಕೊಳ್ಳುವ-ಮಾರುವ ಬೆಲೆಗಳ ಅಂತರ ಬಾಯಿಬಿಟ್ಟಿರುವ ಹೊತ್ತಿನಲ್ಲಿ.

ಸ್ಪ್ರೆಡ್‌ನಲ್ಲಿ ನಾನು ಹೆಚ್ಚು ಕಂಡ ತಪ್ಪು ಬೇರೆ: ಲಾಭ ಕಂಡಿತೆಂದು ಕೊಂಡ ಪುಟ್ಟನ್ನು ಮೊದಲು ಮಾರುವುದು. ಆ ಕ್ಷಣವೇ ಬರೀ ಪುಟ್ಟಿನ ಪೂರ್ತಿ ಮಾರ್ಜಿನ್ ಬೇಕಾಗುತ್ತದೆ. ಹೊರಬರುವಾಗ ಮಾರಿದ್ದನ್ನು ಮೊದಲು ಕೊಂಡು ಮುಚ್ಚಿ, ಆಮೇಲೆ ರಕ್ಷಣೆಯ ಪುಟ್ ಮಾರಿ.