ನಾಲ್ಕು ತಾಲ್ಲೂಕು, ಮೂರು ವಿಂಗಡಣೆ

ದಾವಣಗೆರೆ ಜಿಲ್ಲೆಯ ನಾಲ್ಕು ತಾಲ್ಲೂಕುಗಳನ್ನು ಅಕಾರಾದಿಯಾಗಿ ಜೋಡಿಸಬೇಕು. ಕೊಟ್ಟಿರುವ ಕ್ರಮ: ನ್ಯಾಮತಿ, ಹೊನ್ನಾಳಿ, ಚನ್ನಗಿರಿ, ಜಗಳೂರು. ‘ನ್ಯಾ’ ಒತ್ತಕ್ಷರವಾದರೂ ಮೊದಲ ವ್ಯಂಜನ ನ. ಆದ್ದರಿಂದ ನ್ಯಾಮತಿಯ ಜಾಗ ಜಗಳೂರಿನ ನಂತರ.

ಬಬಲ್ ಸಾರ್ಟ್ ಅಕ್ಕಪಕ್ಕದ ಹೆಸರುಗಳನ್ನಷ್ಟೇ ಅದಲುಬದಲು ಮಾಡುತ್ತದೆ. ಮೊದಲ ಸುತ್ತಿನಲ್ಲಿ ಹೊನ್ನಾಳಿ ಎರಡು ಸಲ ಬಲಕ್ಕೆ ಸರಿದು ಕೊನೆ ಸೇರುತ್ತದೆ. ಎರಡನೆಯದರಲ್ಲಿ ನ್ಯಾಮತಿಯೂ ಎರಡು ಸಲ ಸರಿಯುತ್ತದೆ. ಒಟ್ಟು 4 ಅದಲುಬದಲು. ಪಟ್ಟಿಯಲ್ಲಿ ತಲೆಕೆಳಗಾಗಿದ್ದ ಜೋಡಿಗಳೂ ನಾಲ್ಕೇ: ನ್ಯಾಮತಿ, ಹೊನ್ನಾಳಿ ಎರಡೂ ಚನ್ನಗಿರಿ, ಜಗಳೂರುಗಳಿಗಿಂತ ಮುಂದಿದ್ದವು. ಒಂದು ಅದಲುಬದಲಿಗೆ ಅಂಥ ಒಂದೇ ಜೋಡಿ ಸರಿಯಾಗುವುದರಿಂದ ಈ ಎರಡು ಲೆಕ್ಕ ಯಾವಾಗಲೂ ಸಮ. ಪರೀಕ್ಷೆಯಲ್ಲಿ ಸುತ್ತು ಬರೆಯದೆ ಜೋಡಿ ಎಣಿಸಿದರೂ ಸಾಕು.

ಸೆಲೆಕ್ಷನ್ ಸಾರ್ಟ್ ಉಳಿದವುಗಳಲ್ಲಿ ಚಿಕ್ಕದನ್ನು ಹುಡುಕಿ ನೇರ ಅದರ ಜಾಗಕ್ಕೆ ತರುತ್ತದೆ. ಚನ್ನಗಿರಿ–ನ್ಯಾಮತಿ, ಆಮೇಲೆ ಜಗಳೂರು–ಹೊನ್ನಾಳಿ: 2 ಅದಲುಬದಲಿಗೆ ಕೆಲಸ ಮುಗಿಯಿತು. ಆದರೆ ಹೋಲಿಕೆಗಳು 6. ಪಟ್ಟಿ ಮೊದಲೇ ಸರಿಯಿದ್ದರೂ ಆರೇ.

ಇನ್ಸರ್ಷನ್ ಸಾರ್ಟ್ ಚನ್ನಗಿರಿಯನ್ನು ಎತ್ತಿ ಎಡಕ್ಕೆ ಎರಡು ಜಾಗ, ಜಗಳೂರನ್ನೂ ಎರಡು ಜಾಗ ತರುತ್ತದೆ. ಇಲ್ಲಿಯೂ 4. ಸರಿಯಿರುವ ಪಟ್ಟಿಗೆ ಮಾತ್ರ 3 ಹೋಲಿಕೆ ಸಾಕು.

ಇನ್ಸರ್ಷನ್ ಸಾರ್ಟ್ ಸರಿ ಎಂದು ಸಾಧಿಸುವುದು ಲೂಪ್ ಇನ್ವೇರಿಯಂಟ್: `i`ನೇ ಹೆಸರನ್ನು ಎತ್ತುವ ಮುನ್ನ ಎಡಗಡೆಯ `i-1` ಹೆಸರುಗಳು ಮೊದಲು ಅಲ್ಲಿದ್ದವೇ, ಈಗ ಕ್ರಮದಲ್ಲಿವೆ. ಒಂದೇ ಹೆಸರಿದ್ದಾಗ ಇದು ತಾನಾಗಿ ನಿಜ. ದೊಡ್ಡ ಹೆಸರುಗಳನ್ನಷ್ಟೇ ಬಲಕ್ಕೆ ಸರಿಸಿ ಹೊಸದನ್ನು ಸೇರಿಸುವುದರಿಂದ ಮುಂದೆಯೂ ನಿಜ. `i = n+1` ಆದಾಗ ಇಡೀ ಪಟ್ಟಿ ಕ್ರಮದಲ್ಲಿರುತ್ತದೆ. ‘ಅಲ್ಲಿದ್ದವೇ’ ಎಂಬುದನ್ನು ಬಿಟ್ಟರೆ ನಾಲ್ಕು ಕಡೆಯೂ ನ್ಯಾಮತಿ ಎಂದು ಬರೆದಿಡುವ ಪ್ರೋಗ್ರಾಂ ಕೂಡ ಪಾಸಾದೀತು!