ಎರಡು ಸ್ಟಾರ್, ನಡುವೆ ಒಂದು ಪಟ್ಟಿ

ಹಾಸ್ಟೆಲ್‌ನಲ್ಲಿ ಯುದ್ಧದ ಸಿನಿಮಾ ನೋಡ್ತಾ, "ಸುಬೇದಾರ್ ಮೇಜರ್ ಅಂದ್ರೆ ಮೇಜರ್‌ಗಿಂತ ದೊಡ್ಡೋರು" ಅಂತ ನಾನು ಜೋರಾಗಿ ವಾದ ಮಾಡಿದ್ದೆ. ತಪ್ಪು. ಮೇಜರ್ ಬಂದ್ರೆ ಸುಬೇದಾರ್ ಮೇಜರ್‌ರೇ ಸೆಲ್ಯೂಟ್ ಹೊಡೀಬೇಕು.

ನಮ್ಮ ಭೂಸೇನೆಯಲ್ಲಿ ಏಣಿ ಒಂದೇ ಅಲ್ಲ, ಮೂರು. ಮೊದಲನೇದು ಸಿಪಾಯಿಯಿಂದ ಶುರುವಾಗಿ ಲ್ಯಾನ್ಸ್ ನಾಯಕ್, ನಾಯಕ್, ಹವಾಲ್ದಾರ್‌ವರೆಗೆ ಹೋಗುತ್ತೆ. ಸಿಪಾಯಿ ಬಿಟ್ಟು ಉಳಿದವರು ನಾನ್-ಕಮಿಷನ್ಡ್ ಆಫೀಸರ್‌ಗಳು. ಇವರ ಗುರುತು ತೋಳಿನ ಮೇಲಿನ V ಆಕಾರದ ಪಟ್ಟಿಗಳು: ಒಂದು, ಎರಡು, ಮೂರು. ಮೂರನೇ ಏಣಿ ಕಮಿಷನ್ಡ್ ಆಫೀಸರ್‌ಗಳದ್ದು. ಅದು ಲೆಫ್ಟಿನೆಂಟ್‌ನಿಂದ ಶುರುವಾಗಿ ಕ್ಯಾಪ್ಟನ್, ಮೇಜರ್, ಕರ್ನಲ್, ಬ್ರಿಗೇಡಿಯರ್ ದಾಟಿ ಜನರಲ್‌ವರೆಗೆ ಇದೆ. ಡಿಗ್ರಿ ಮುಗಿಸಿ, ಆಯ್ಕೆಯಾಗಿ, ಅಕಾಡೆಮಿಯಲ್ಲಿ ತರಬೇತಿ ಪಡೆದು ಬರೋ ನಮ್ಮಂಥ ಇಂಜಿನಿಯರ್ ನೇರವಾಗಿ ಈ ಏಣಿಯ ಮೊದಲ ಮೆಟ್ಟಿಲಲ್ಲಿ, ಲೆಫ್ಟಿನೆಂಟ್ ಆಗಿ, ನಿಲ್ತಾನೆ.

ನಡುವಿನದ್ದೇ ನಂಗೆ ಕನ್‌ಫ್ಯೂಸ್ ಮಾಡಿದ್ದು. ನಾಯಬ್ ಸುಬೇದಾರ್, ಸುಬೇದಾರ್, ಸುಬೇದಾರ್ ಮೇಜರ್. ಇವರನ್ನ ಜೂನಿಯರ್ ಕಮಿಷನ್ಡ್ ಆಫೀಸರ್, ಚಿಕ್ಕದಾಗಿ ಜೆಸಿಒ ಅಂತಾರೆ. ಬ್ರಿಟಿಷರ ಕಾಲದಲ್ಲಿ ಇವರು ವೈಸರಾಯ್ ಕಮಿಷನ್ಡ್ ಆಫೀಸರ್‌ಗಳು. ಇಂಗ್ಲಿಷ್ ಅಧಿಕಾರಿಗೂ ಭಾರತೀಯ ಸಿಪಾಯಿಗೂ ನಡುವೆ ಭಾಷೆ, ಊರು, ರೂಢಿ ಗೊತ್ತಿರೋ ಒಬ್ಬರು ಬೇಕಿತ್ತು. ಬ್ರಿಟಿಷರು ಹೋದರು, ಈ ಮೆಟ್ಟಿಲು ಉಳೀತು.

ಭುಜ ನೋಡಿದ್ರೆ ಲೆಫ್ಟಿನೆಂಟ್‌ಗೂ ಎರಡು ಸ್ಟಾರ್, ಸುಬೇದಾರ್‌ಗೂ ಎರಡು ಸ್ಟಾರ್. ಮೇಜರ್‌ಗೂ ಸುಬೇದಾರ್ ಮೇಜರ್‌ಗೂ ಅಶೋಕ ಸಿಂಹ. ವ್ಯತ್ಯಾಸ ಒಂದೇ: ಜೆಸಿಒ ಭುಜದ ಮೇಲೆ ಕೆಂಪು-ಹಳದಿಯ ಒಂದು ಅಡ್ಡ ಪಟ್ಟಿ ಇರುತ್ತೆ. ಸಿನಿಮಾದಲ್ಲಿ ನಾನು ನೋಡದೇ ಬಿಟ್ಟಿದ್ದು ಅದನ್ನೇ.

ಈಗ ಹೊಸ ಲೆಫ್ಟಿನೆಂಟ್ ಒಬ್ಬರು ಪದಾತಿ ದಳದ ಕಂಪನಿಗೆ ಬಂದ್ರು ಅಂದ್ಕೊಳ್ಳಿ. ವಯಸ್ಸು ಇಪ್ಪತ್ಮೂರು. ಕಂಪನಿಗೆ ಸಾಮಾನ್ಯವಾಗಿ ಮೇಜರ್ ಒಬ್ಬರು ಮುಖ್ಯಸ್ಥರು. ಅದರಲ್ಲಿ ಮೂರು ಪ್ಲಟೂನ್, ಒಂದೊಂದ್ರಲ್ಲಿ ಮೂವತ್ತು ಚಿಲ್ಲರೆ ಜನ. ಬೇರೆ ಎಷ್ಟೋ ದೇಶಗಳಲ್ಲಿ ಪ್ಲಟೂನ್ ನಡೆಸೋದು ಲೆಫ್ಟಿನೆಂಟ್. ನಮ್ಮಲ್ಲಿ ಹೆಚ್ಚಾಗಿ ಜೆಸಿಒ. ಅಲ್ಲಿರೋ ಸುಬೇದಾರ್ ಸಿಪಾಯಿಯಾಗಿ ಸೇರಿ ಇಪ್ಪತ್ತು ವರ್ಷದ ಮೇಲಾಗಿರುತ್ತೆ. ಯಾರಿಗೆ ಮನೇಲಿ ತೊಂದ್ರೆ, ಯಾರು ರಜೆ ಕೇಳೋಕೆ ಹಿಂಜರೀತಾರೆ, ಎಲ್ಲಾ ಅವರಿಗೆ ಗೊತ್ತು. ಅವರು ಹುಡುಗನಿಗೆ ಸೆಲ್ಯೂಟ್ ಮಾಡಿ "ಸರ್" ಅಂತಾರೆ, ಹುಡುಗ ಅವರನ್ನ "ಸುಬೇದಾರ್ ಸಾಬ್" ಅಂತ ಕರೀತಾನೆ. ಆದೇಶ ಕೊಡೋ ಅಧಿಕಾರ ಹುಡುಗಂದು. ಆದ್ರೆ ಸಾಬ್ ಹತ್ರ ಕೇಳದೇ ಕೊಟ್ರೆ, ಆದೇಶ ಪಾಲನೆ ಆಗುತ್ತೆ, ಹುಡುಗನ ಮೇಲೆ ನಂಬಿಕೆ ಹುಟ್ಟಲ್ಲ.

ಜೆಸಿಒ ಅಂದ್ರೆ ಬರೀ ಮಧ್ಯವರ್ತಿ ಅಂತಲೂ ಅಲ್ಲ. 1987ರ ಜೂನ್‌ನಲ್ಲಿ ಸಿಯಾಚಿನ್‌ನಲ್ಲಿ ಸುಮಾರು 21,000 ಅಡಿ ಎತ್ತರದ ಪಾಕಿಸ್ತಾನಿ ಠಾಣೆಯನ್ನ ಹಿಮದ ಗೋಡೆ ಹತ್ತಿ ಗೆದ್ದ ಪುಟ್ಟ ತಂಡದ ನಾಯಕ ಬಾನಾ ಸಿಂಗ್, ಆಗ ನಾಯಬ್ ಸುಬೇದಾರ್. ಅವರಿಗೆ ಪರಮವೀರ ಚಕ್ರ ಸಿಕ್ಕಿತು, ಠಾಣೆಗೆ ಅವರ ಹೆಸರೇ ಬಂತು. ಮುಂದೆ ಸುಬೇದಾರ್ ಮೇಜರ್ ಆದರು, ಗೌರವ ಕ್ಯಾಪ್ಟನ್ ಪದವಿಯೂ ಸಿಕ್ಕಿತು. ಆ "ಗೌರವ" ಅನ್ನೋ ಪದ ಗಮನಿಸಿ: ಎರಡನೇ ಏಣಿ ಮುಗಿಯೋದು ಅಲ್ಲೇ.