ಬಣ್ಣ ಬದಲಾಗಲಿ, ಜೆರ್ಸಿ ಹಾಗೇ ಇರಲಿ: ಏಳು ಸೂತ್ರಗಳು

ನವೆಂಬರ್ ಹತ್ತಿರವಾದಂತೆ ರಾಜ್ಯೋತ್ಸವದ ಕಬಡ್ಡಿ, ವಾಲಿಬಾಲ್ ಪಂದ್ಯಗಳಿಗೆ ತಂಡಗಳು ಹೊಸ ಜೆರ್ಸಿ ಹೊಲಿಸಲು ಹೊರಡುತ್ತವೆ. ಬೇಡಿಕೆ ಸಾಮಾನ್ಯವಾಗಿ ಒಂದೇ: ‘ಆ ತಂಡದ ಜೆರ್ಸಿ ತರಹವೇ ಇರಲಿ, ಬಣ್ಣ ಮಾತ್ರ ನಮ್ಮದು.’ ಆರ್ಡರ್ ಕೊಡುವ ಮೊದಲು ಅದು ಹೇಗೆ ಕಾಣುತ್ತದೆಂದು ಫೋಟೊದಲ್ಲೇ ಮಾಡಿ ತೋರಿಸಬೇಕು. ಇಲ್ಲಿ ಒಂದು ಕಬಡ್ಡಿ ಜೆರ್ಸಿಯನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಮೈ ಕಡುನೀಲಿ, ಕಾಲರ್ ಬಿಳಿ, ಎರಡೂ ತೋಳಿನ ಮೇಲೆ ಎರಡೆರಡು ಬಿಳಿ ಪಟ್ಟಿ, ಎದೆಯ ಮೇಲೆ ಬಿಳಿ ಅಕ್ಷರದಲ್ಲಿ 7. ಇದನ್ನು ಹಳದಿ ಮೈ, ಕೆಂಪು ಕಾಲರ್, ಕೆಂಪು ಪಟ್ಟಿ, ಕೆಂಪು ನಂಬರ್ ಆಗಿ ಬದಲಾಯಿಸಬೇಕು. ಹೆಜ್ಜೆಗಳನ್ನು ಫೋಟೊಶಾಪ್‌ಗೆ ಹೇಳಿದ್ದೇನೆ. ಬ್ರೌಸರಿನಲ್ಲಿ ಉಚಿತವಾಗಿ ಸಿಗುವ ಫೋಟೊಪಿಯಾದಲ್ಲೂ ಮೆನುಗಳು ಹೆಚ್ಚುಕಡಿಮೆ ಹೀಗೇ ಇವೆ.

ಎಲ್ಲ ಸೂತ್ರಗಳ ಹಿಂದೆ ಇರುವ ಮಾತು ಒಂದೇ. ಫೋಟೊದಲ್ಲಿ ಕಾಲರ್ ಮಡಿಚಿದಂತೆ, ಬಟ್ಟೆ ಸುಕ್ಕಾದಂತೆ ಕಾಣುವುದು ಬಣ್ಣದಿಂದಲ್ಲ, ನೆರಳು ಬೆಳಕಿನಿಂದ. ನೆರಳು ಉಳಿದರೆ ಆಕಾರ ಉಳಿಯುತ್ತದೆ. ಬಣ್ಣವನ್ನು ಮೇಲಿನಿಂದ ಬಳಿದರೆ ನೆರಳು ಮುಚ್ಚಿಹೋಗಿ ಜೆರ್ಸಿ ಕತ್ತರಿಸಿ ಅಂಟಿಸಿದ ಕಾಗದದಂತೆ ಕಾಣುತ್ತದೆ.

1. ಮೊದಲು ಪಟ್ಟಿ ಬರೆಯಿರಿ, ಗೈಡ್ ಎಳೆಯಿರಿ

ಯಾವ ಭಾಗ ಯಾವ ಬಣ್ಣವಾಗಬೇಕು ಎಂಬುದನ್ನು ಸಾಫ್ಟ್‌ವೇರ್ ತೆರೆಯುವ ಮೊದಲೇ ಕಾಗದದ ಮೇಲೆ ಬರೆದುಕೊಳ್ಳಿ. ನಮ್ಮ ಜೆರ್ಸಿಯಲ್ಲಿ ಲೆಕ್ಕ ಸರಳ: ನೀಲಿ ಇದ್ದಲ್ಲಿ ಹಳದಿ `#FFCC00`, ಬಿಳಿ ಇದ್ದಲ್ಲಿ ಕೆಂಪು `#C8102E`. ನಂಬರಿಗೆ ತೆಳು ಅಂಚುಗೆರೆ ಇದ್ದರೆ ಅದಕ್ಕೂ ಒಂದು ಸಾಲು ಬರೆಯಿರಿ. ಅದನ್ನು ಮರೆತರೆ ಅಂಚುಗೆರೆ ಹಳದಿಯಾಗಿ ಮೈಯಲ್ಲಿ ಕರಗಿಹೋಗುತ್ತದೆ, ಅಂಕಿ ಮೂಲಕ್ಕಿಂತ ತೆಳ್ಳಗೆ ಕಾಣುತ್ತದೆ.

ಈಗ ಫೋಟೊ ತೆರೆದು ರೂಲರ್‌ನಿಂದ ಗೈಡ್‌ಗಳನ್ನು ಎಳೆದು ಅಂಕಿಯ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ತಾಗುವಂತೆ ನಿಲ್ಲಿಸಿ. ಕಾಲರಿನ ಎರಡು ತುದಿಗಳಿಗೂ ಒಂದೊಂದು ಗೈಡ್ ಇರಲಿ. ಕೊನೆಯಲ್ಲಿ ಯಾವುದೂ ಸರಿದಿಲ್ಲ ಎಂದು ಸಾಬೀತುಮಾಡುವುದು ಈ ಗೆರೆಗಳೇ. ಅಂಕಿಯನ್ನು ಅಳಿಸಿ ಬೇರೆ ಫಾಂಟ್‌ನಲ್ಲಿ ಹೊಸದಾಗಿ ಟೈಪ್ ಮಾಡುವ ಆಸೆ ಬೇಡ. ಮೂಲ ಅಂಕಿ ಬಟ್ಟೆಯ ಸುಕ್ಕಿನ ಜೊತೆ ಬಾಗಿರುತ್ತದೆ. ಟೈಪ್ ಮಾಡಿದ ಅಂಕಿ ನೆಟ್ಟಗೆ ನಿಂತು ಎದೆಯಿಂದ ಬೇರ್ಪಟ್ಟಂತೆ ಕಾಣುತ್ತದೆ.

2. ಬಿಳಿ ಭಾಗಗಳನ್ನು ರೆಡ್ ಚಾನೆಲ್‌ನಿಂದ ಹಿಡಿಯಿರಿ

ಪಟ್ಟಿಗಳನ್ನು ಕೈಯಿಂದ ಸುತ್ತುಗಟ್ಟಲು ಹೋದರೆ ಅಗಲ ಒಂದೊಂದು ಕಡೆ ಒಂದೊಂದು ತರಹ ಆಗುತ್ತದೆ. ಅದರ ಬದಲು `Channels` ತೆರೆದು ಮೂರೂ ಚಾನೆಲ್‌ಗಳನ್ನು ಒಂದೊಂದಾಗಿ ನೋಡಿ. ಕಡುನೀಲಿಯಲ್ಲಿ ಕೆಂಪಿನ ಅಂಶ ತೀರಾ ಕಡಿಮೆ, ಬಿಳಿಯಲ್ಲಿ ಪೂರ್ತಿ. ಹಾಗಾಗಿ ರೆಡ್ ಚಾನೆಲ್‌ನಲ್ಲಿ ಮೈ ಬಹುತೇಕ ಕಪ್ಪಾಗಿ, ಪಟ್ಟಿ ಮತ್ತು ನಂಬರ್ ಬೆಳ್ಳಗೆ ಎದ್ದು ಕಾಣುತ್ತವೆ. ಮಾಸ್ಕ್‌ಗೆ ಬೇಕಾದ ಚಿತ್ರ ಫೋಟೊದಲ್ಲೇ ಸಿದ್ಧವಾಗಿದೆ ಎಂದಾಯಿತು.

ಆ ಚಾನೆಲ್‌ನ ಒಂದು ಪ್ರತಿ ಮಾಡಿಕೊಂಡು, ಅದರ ಮೇಲೆ `Levels` ಬಳಸಿ ಕಪ್ಪನ್ನು ಇನ್ನಷ್ಟು ಕಪ್ಪು, ಬಿಳಿಯನ್ನು ಇನ್ನಷ್ಟು ಬಿಳಿ ಮಾಡಿ. ಎರಡು ತುದಿಯ ಸ್ಲೈಡರ್‌ಗಳನ್ನು ತೀರಾ ಹತ್ತಿರ ತರಬೇಡಿ. ತಂದರೆ ಪಟ್ಟಿಯ ಅಂಚು ಗರಗಸದ ಹಲ್ಲಿನಂತಾಗುತ್ತದೆ. ಅಂಚಿನಲ್ಲಿ ಒಂದೆರಡು ಪಿಕ್ಸೆಲ್ ಬೂದು ಉಳಿದಿರಬೇಕು. ಜೆರ್ಸಿಯ ಹೊರಗೆ ಬೆಳ್ಳಗೆ ಕಾಣುವ ಭಾಗಗಳನ್ನೂ ಫ್ಲ್ಯಾಶ್ ಬಿದ್ದು ಮೈಮೇಲೆ ಮಿಂಚಿ ಬೆಳ್ಳಗಾದ ಜಾಗವನ್ನೂ ಕಪ್ಪು ಬ್ರಷ್‌ನಿಂದ ಮುಚ್ಚಿ. ಸುಕ್ಕಿನ ನೆರಳಿನಲ್ಲಿ ಪಟ್ಟಿ ತುಂಡಾಗಿದ್ದರೆ ಬಿಳಿ ಬ್ರಷ್‌ನಿಂದ ಜೋಡಿಸಿ.

3. ಕಾಲರಿಗೆ ಪೆನ್ ಟೂಲ್ ಬೇಕೇ ಬೇಕು

ರೆಡ್ ಚಾನೆಲ್ ಕಾಲರಿನಲ್ಲಿ ಕೈಕೊಡುತ್ತದೆ. ಮನುಷ್ಯರ ಚರ್ಮದಲ್ಲಿ ಕೆಂಪಿನ ಅಂಶ ಹೆಚ್ಚಿರುವುದರಿಂದ ಕತ್ತೂ ಕಾಲರೂ ಆ ಚಾನೆಲ್‌ನಲ್ಲಿ ಒಂದರೊಳಗೊಂದು ಬೆರೆತುಬಿಡುತ್ತವೆ. ಹಾಗಾಗಿ ಕಾಲರ್ ಮೈಗೆ ತಾಗುವ ಕೆಳ ಅಂಚನ್ನು ಚಾನೆಲ್ ನೋಡಿಕೊಳ್ಳಲಿ, ಕತ್ತಿಗೆ ತಾಗುವ ಅಂಚನ್ನು ನೀವು ಪೆನ್ ಟೂಲ್‌ನಿಂದ ಗುರುತಿಸಿ. ಬಿಂದುಗಳು ಕಡಿಮೆ ಇದ್ದಷ್ಟೂ ಬಾಗು ನಯವಾಗಿ ಬರುತ್ತದೆ. ಕಾಲರಿನ ತುದಿ, ಮಡಿಕೆ ತಿರುಗುವ ಜಾಗ, ಗುಂಡಿಪಟ್ಟಿ ಶುರುವಾಗುವ ಜಾಗ, ಇಷ್ಟಕ್ಕೆ ಬಿಂದು ಸಾಕು. ಆಯ್ಕೆಯಾಗಿ ಬದಲಾಯಿಸುವಾಗ ಅರ್ಧ ಪಿಕ್ಸೆಲ್‌ನಷ್ಟು ಫೆದರ್ ಕೊಡಿ.

ಇಲ್ಲಿ ಎರಡು ಕಡೆ ಗಮನ ಇರಲಿ. ಒಂದು, ಕತ್ತಿನ ಹಿಂಭಾಗದಲ್ಲಿ ಕಾಣುವ ಕಾಲರಿನ ಒಳಮೈ. ಅದು ನೆರಳಿನಲ್ಲಿ ಇರುವುದರಿಂದ ತಪ್ಪಿಹೋಗುವುದು ಸುಲಭ. ಹೊರಗೆ ಕೆಂಪು, ಒಳಗೆ ಬಿಳಿ ಉಳಿದರೆ ನೋಡಿದವರಿಗೆ ತಕ್ಷಣ ಗೊತ್ತಾಗುತ್ತದೆ. ಇನ್ನೊಂದು, ಕಾಲರಿನ ಕೆಳಗೆ ಮೈಮೇಲೆ ಬೀಳುವ ತೆಳು ನೆರಳು. ಅದು ಮೈಗೆ ಸೇರಿದ್ದು, ಕಾಲರಿಗಲ್ಲ. ಅದನ್ನು ಕಾಲರಿನ ಮಾಸ್ಕ್‌ನೊಳಗೆ ಸೇರಿಸಿದರೆ ಕಾಲರ್ ದಪ್ಪವಾಗುತ್ತದೆ, ಅಳಿಸಿದರೆ ಚಪ್ಪಟೆಯಾಗುತ್ತದೆ.

4. ಬಿಳಿಯಿಂದ ಕೆಂಪಿಗೆ: `Multiply` ಒಂದೇ ಸಾಕು

ಬಿಳಿ ಭಾಗಗಳ ಮಾಸ್ಕ್ ಹಾಕಿ `Solid Color` ಲೇಯರ್ ಸೇರಿಸಿ, ಕೆಂಪು ತುಂಬಿ, ಬ್ಲೆಂಡ್ ಮೋಡ್ `Multiply` ಮಾಡಿ. ಈ ಮೋಡ್ ಕೆಳಗಿನ ಬೆಳಕನ್ನು ಮೇಲಿನ ಬಣ್ಣದಿಂದ ಗುಣಿಸುತ್ತದೆ. ಬಟ್ಟೆ ಬೆಳ್ಳಗಿದ್ದಲ್ಲಿ ನೀವು ಕೊಟ್ಟ ಕೆಂಪು ಬರುತ್ತದೆ, ಸುಕ್ಕಿನಲ್ಲಿ ತಾನಾಗಿ ಕಡುಗೆಂಪು ಬರುತ್ತದೆ. ಫೋಟೊದಲ್ಲಿ ಬಿಳಿ ಬಟ್ಟೆ ಅಪ್ಪಟ ಬಿಳಿಯಾಗಿ ಇರುವುದಿಲ್ಲ, ಸಣ್ಣದಾಗಿ ಬೂದಾಗಿರುತ್ತದೆ. ಅದರಿಂದ ಕೆಂಪು ಒಂದಿಷ್ಟು ಮಂಕಾದರೆ ನೆರಳನ್ನು ಮುಟ್ಟಬೇಡಿ, ಕೆಂಪನ್ನೇ ತುಸು ಹೊಳಪಾಗಿ ಆರಿಸಿ.

5. ಕಡುನೀಲಿಯಿಂದ ಹಳದಿಗೆ: ಮೊದಲು ಬೆಳಕು, ಆಮೇಲೆ ಬಣ್ಣ

ಇಡೀ ಕೆಲಸದ ಕಷ್ಟ ಇಲ್ಲಿದೆ. `Hue` ಸ್ಲೈಡರ್ ತಿರುಗಿಸಿದರೆ, ಇಲ್ಲವೇ `Color` ಮೋಡ್‌ನಲ್ಲಿ ಹಳದಿ ಬಳಿದರೆ ಹಳದಿ ಬರುವುದಿಲ್ಲ, ಕೆಸರು ಕಂದು ಬರುತ್ತದೆ. ಕಾರಣ ಲೆಕ್ಕದಲ್ಲೇ ಇದೆ. ಫೋಟೊಶಾಪ್ ಒಂದು ಬಣ್ಣದ ಬೆಳಕನ್ನು ಸುಮಾರು ಹೀಗೆ ಅಳೆಯುತ್ತದೆ:

```
Y = 0.30 R + 0.59 G + 0.11 B
```

ಕಡುನೀಲಿ `#1A2B5C` ತೆಗೆದುಕೊಂಡರೆ 255ಕ್ಕೆ ಸುಮಾರು 43 ಬರುತ್ತದೆ. ನಮ್ಮ ಹಳದಿಗೆ ಸುಮಾರು 197. `Color` ಮೋಡ್ ಕೆಳಗಿನ ಬೆಳಕನ್ನು ಹಾಗೇ ಉಳಿಸಿ ಬಣ್ಣವನ್ನಷ್ಟೇ ಬದಲಾಯಿಸುತ್ತದೆ. 43ರಷ್ಟೇ ಬೆಳಕಿರುವ ಹಳದಿ ಎಂದರೆ ಅದು ಕಂದು. ಆದ್ದರಿಂದ ಬಟ್ಟೆಯನ್ನು ಮೊದಲು ಬೆಳಗಿಸಬೇಕು.

ಇಡೀ ಜೆರ್ಸಿಯ ಹೊರ ಅಂಚನ್ನು ಹಿಡಿದ ಮಾಸ್ಕ್‌ನಿಂದ ಬಿಳಿ ಭಾಗಗಳನ್ನು ಕಳೆದರೆ ಮೈಯ ಮಾಸ್ಕ್ ಸಿಗುತ್ತದೆ. ಅದನ್ನು ಒಂದು ಗ್ರೂಪ್‌ಗೆ ಹಾಕಿ, ಆ ಗ್ರೂಪ್ ಕೆಂಪು ಲೇಯರಿನ ಕೆಳಗಿರಲಿ. ಅದರೊಳಗೆ ಕೆಳಗಿನಿಂದ ಮೇಲಕ್ಕೆ ಮೂರು ಲೇಯರ್ ಇಡಿ. ಮೊದಲನೆಯದು `Black & White`, ನೀಲಿಯನ್ನು ತೆಗೆಯಲು. ಎರಡನೆಯದು `Levels`. ಇದರ ಬಲಗಡೆಯ ಸ್ಲೈಡರನ್ನು ಬಟ್ಟೆಯ ಬೆಳಕು ಮುಗಿಯುವ ಜಾಗದವರೆಗೆ ಎಡಕ್ಕೆ ತನ್ನಿ. ಬಳಿಕ ನಡುವಿನ ಸ್ಲೈಡರನ್ನೂ ಎಡಕ್ಕೆ ಸರಿಸುತ್ತಾ `Info` ಫಲಕ ನೋಡಿ. ಸುಕ್ಕಿಲ್ಲದ ಬಟ್ಟೆ 200ರ ಆಸುಪಾಸಿಗೆ ಬಂದರೆ ನಿಲ್ಲಿಸಿ. ಸುಕ್ಕುಗಳ ನೆತ್ತಿ ಪೂರ್ತಿ ಬಿಳಿಯಾಗಿ ನೇಯ್ಗೆ ಮಾಯವಾದರೆ ಜಾಸ್ತಿಯಾಯಿತು ಎಂದು ಅರ್ಥ.

ಮೂರನೆಯದು `Gradient Map`. ಇಲ್ಲಿ `Multiply` ಬಳಸಿದರೆ ಹಳದಿಯ ನೆರಳು ಹಸಿರು ಕೊಳೆಯಂತೆ ಕಾಣುತ್ತದೆ. ನಿಜವಾದ ಹಳದಿ ಬಟ್ಟೆಯ ಸುಕ್ಕಿನೊಳಗೆ ಬಣ್ಣ ಕಿತ್ತಳೆಗೆ, ಕಂದಿಗೆ ತಿರುಗುತ್ತದೆ. ಹಾಗಾಗಿ ಗ್ರೇಡಿಯಂಟ್‌ನ ಕತ್ತಲ ತುದಿಗೆ `#7A4A00`, ಮುಕ್ಕಾಲು ಭಾಗದ ಹತ್ತಿರ `#FFCC00`, ಬೆಳಕಿನ ತುದಿಗೆ `#FFE680` ಕೊಡಿ.

ಇದಕ್ಕೊಂದು ಮಿತಿ ಇದೆ. ಕತ್ತಲಲ್ಲಿ ಅಡಗಿದ್ದ ಕಾಳುಕಾಳು ನಾಯ್ಸ್ ಬೆಳಕಿನ ಜೊತೆ ಹಿಗ್ಗಿ ಮೇಲೆ ಬರುತ್ತದೆ. ವಾಟ್ಸಾಪ್‌ನಲ್ಲಿ ಫೋಟೊ ಆಗಿ ಬಂದ ಚಿತ್ರದಲ್ಲಿ ಚೌಕಚೌಕ ಕಲೆಗಳೇ ಏಳುತ್ತವೆ. ಮೂಲ ಫೈಲನ್ನು ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಇನ್ನೂ ಒಳ್ಳೆಯದೆಂದರೆ, ಅದೇ ಮಾದರಿಯ ತಿಳಿಬಣ್ಣದ ಜೆರ್ಸಿ ಸಿಕ್ಕರೆ ಅದರ ಫೋಟೊದಿಂದಲೇ ಶುರುಮಾಡಿ.

6. ಅಂಚಿನ ಬಿಳಿಗೆರೆಯನ್ನು ಕೆಂಪಿನ ಕೆಳಗೆ ಮುಚ್ಚಿ

ಈಗ 200 ಪರ್ಸೆಂಟ್ ಜೂಮ್ ಮಾಡಿ ಅಂಕಿಯ ಸುತ್ತ ನೋಡಿ. ತೆಳುವಾದ ಬಿಳಿಚು ಗೆರೆ ಕಾಣುತ್ತದೆ. ಅಂಚಿನ ಪಿಕ್ಸೆಲ್‌ಗಳಲ್ಲಿ ಅರ್ಧ ನೀಲಿ, ಅರ್ಧ ಬಿಳಿ ಬೆರೆತಿರುತ್ತದೆ. ಮೈಗೆಂದು ಕೊಟ್ಟ ಬೆಳಕು ಅವನ್ನು ಅತಿಯಾಗಿ ಬೆಳಗಿಸಿಬಿಟ್ಟಿದೆ. ಮೈಯ ಮಾಸ್ಕ್‌ನಲ್ಲಿ ಬಿಳಿ ಭಾಗಗಳ ಸುತ್ತಲಿನ ಅಂಚನ್ನು ಒಂದು ಪಿಕ್ಸೆಲ್ ಹಿಂದೆ ಸರಿಸಿ, ಕೆಂಪಿನ ಮಾಸ್ಕನ್ನು ಅಷ್ಟೇ ಮುಂದೆ ತನ್ನಿ. ಬೆರಕೆ ಪಿಕ್ಸೆಲ್‌ಗಳು ಕೆಂಪಿನ ಪಾಲಿಗೆ ಬಂದು ಗೆರೆ ಮಾಯವಾಗುತ್ತದೆ.

3,000 ಪಿಕ್ಸೆಲ್ ಅಗಲದ ಫೋಟೊದಲ್ಲಿ ಈ ಒಂದು ಪಿಕ್ಸೆಲ್‌ನಿಂದ ಪಟ್ಟಿಯ ಅಗಲ ಬದಲಾದದ್ದು ಕಣ್ಣಿಗೆ ಕಾಣದು. 600 ಪಿಕ್ಸೆಲ್‌ನ ಚಿತ್ರದಲ್ಲಿ ಪಟ್ಟಿಯೇ ನಾಲ್ಕೈದು ಪಿಕ್ಸೆಲ್ ಇರುತ್ತದೆ, ಅಲ್ಲಿ ದಪ್ಪವಾದದ್ದು ಎದ್ದು ಕಾಣುತ್ತದೆ. ಅದಕ್ಕೇ ದೊಡ್ಡ ಫೋಟೊ ಕೇಳುವುದು. ಗದ್ದದ ಕೆಳಗೆ, ತೋಳಿನ ಒಳಭಾಗದಲ್ಲಿ ಚರ್ಮದ ಮೇಲೆ ಹಳೆಯ ನೀಲಿಯ ಛಾಯೆ ಬಿದ್ದಿದೆಯೇ ಎಂದೂ ನೋಡಿ. ಇದ್ದರೆ ಅಷ್ಟು ಜಾಗದ ಸ್ಯಾಚುರೇಶನ್ ಇಳಿಸಿ.

7. ಬೂದು ಪರೀಕ್ಷೆ ಮಾಡಿ, ಅಚ್ಚಿನವರಿಗೆ ಸಂಖ್ಯೆ ಕೊಡಿ

ಎಲ್ಲದರ ಮೇಲೆ ಇನ್ನೊಂದು `Black & White` ಲೇಯರ್ ಇಟ್ಟು ಇಡೀ ಚಿತ್ರವನ್ನು ಬೂದು ಮಾಡಿ. ಅಂಕಿ ದೂರದಿಂದ ಓದಲು ಬಂದರೆ ಬಣ್ಣಗಳ ಜೋಡಿ ಸರಿಯಾಗಿದೆ. ಮೂಲದಲ್ಲಿ ಕತ್ತಲ ಮೈಮೇಲೆ ಬೆಳಕಿನ ಅಂಕಿ ಇತ್ತು, ಈಗ ಬೆಳಕಿನ ಮೈಮೇಲೆ ಕತ್ತಲ ಅಂಕಿ ಬಂದಿದೆ. ಈ ಅದಲುಬದಲು ತಪ್ಪಲ್ಲ, ಬೇಕಾದದ್ದೇ. ಅಂಕಿಯನ್ನು ಬಿಳಿಯಾಗಿಯೇ ಉಳಿಸಿದ್ದರೆ ಹಳದಿಯ ಮೇಲೆ ರೆಫರಿಗೂ ಕಾಣುತ್ತಿರಲಿಲ್ಲ. ಬೂದು ಲೇಯರನ್ನು ತೆಗೆದು, ಬಣ್ಣದ ಲೇಯರ್‌ಗಳ ಕಣ್ಣಿನ ಗುರುತನ್ನು ಒತ್ತಿ ಹಳೆಯ ಚಿತ್ರ, ಹೊಸ ಚಿತ್ರ ಎರಡನ್ನೂ ಬದಲಿಸಿ ನೋಡಿ. ಅಂಕಿಯೂ ಕಾಲರಿನ ತುದಿಗಳೂ ಎರಡರಲ್ಲೂ ಅದೇ ಗೈಡ್‌ಗಳಿಗೆ ತಾಗಬೇಕು.

ಈ ಫೋಟೊ ತಂಡಕ್ಕೆ ತೋರಿಸಲು, ಅಚ್ಚು ಹಾಕಲು ಅಲ್ಲ. ಸಬ್ಲಿಮೇಶನ್ ಅಚ್ಚಿನಲ್ಲಿ ಬಿಳಿ ಪಾಲಿಯೆಸ್ಟರ್ ಬಟ್ಟೆಗೆ ಬಿಸಿಯಿಂದ ಬಣ್ಣ ಹತ್ತಿಸುತ್ತಾರೆ. ಅವರಿಗೆ ಬೇಕಾದದ್ದು ಮುಂಭಾಗ, ಹಿಂಭಾಗ, ತೋಳು ಬೇರೆಬೇರೆಯಾಗಿರುವ ಚಪ್ಪಟೆ ವಿನ್ಯಾಸದ ಫೈಲ್. ಕೋರೆಲ್‌ಡ್ರಾನಲ್ಲಿ ಅದನ್ನು ಮಾಡುವವರಿಗೆ ಫೋಟೊದ ಜೊತೆ ಮೊದಲ ಸೂತ್ರದಲ್ಲಿ ಬರೆದ ಬಣ್ಣಗಳ ಪಟ್ಟಿಯನ್ನೂ ಕೊಡಿ, ಒಂದು ತುಂಡು ಬಟ್ಟೆಯ ಮೇಲೆ ಎರಡೂ ಬಣ್ಣ ಅಚ್ಚು ಹಾಕಿಸಿ ಹಗಲಿನ ಬೆಳಕಿನಲ್ಲಿ ನೋಡಿ. ಪರದೆಯ ಹಳದಿ ಬಟ್ಟೆಯ ಮೇಲೆ ಅದೇ ಹಳದಿಯಾಗಿ ಬರುತ್ತದೆಂಬ ಭರವಸೆ ಇಲ್ಲ. ಮೂಲ ಜೆರ್ಸಿಯಲ್ಲಿದ್ದ ತಂಡದ ಲಾಂಛನ, ಪ್ರಾಯೋಜಕರ ಹೆಸರು, ಕಂಪನಿಯ ಗುರುತಿನ ಪಟ್ಟಿಗಳು ಅವರವರ ಸ್ವತ್ತು. ಅಡಿಡಾಸ್‌ನ ಮೂರು ಪಟ್ಟಿ ಅಂಥದ್ದೇ ಒಂದು ಟ್ರೇಡ್‌ಮಾರ್ಕ್. ಫೈಲ್ ಅಚ್ಚಿಗೆ ಹೋಗುವ ಮೊದಲು ಅವನ್ನು ತೆಗೆದು ನಿಮ್ಮ ತಂಡದ ಗುರುತನ್ನು ಅದೇ ಜಾಗದಲ್ಲಿ ಕೂರಿಸಿ.